ಅನುದಾನದ ಪ್ರಸ್ತಾವನೆಯ ಅನುವಾದ ಕೋಷ್ಟಕದಿಂದ ಶುರುವಾಗಲಿ

ಸಂಶೋಧನಾ ಅನುದಾನಕ್ಕಾಗಿ ಕನ್ನಡದಲ್ಲಿ ಬರೆದ ಪ್ರಸ್ತಾವನೆ ಇಂಗ್ಲಿಷಿಗೆ ಹೋಗುವಾಗ ಎಲ್ಲರ ಗಮನವೂ ಪೀಠಿಕೆಯ ಮೇಲಿರುತ್ತದೆ. ಅದನ್ನು ತಿದ್ದಿ ತೀಡುತ್ತಾರೆ. ಬಜೆಟ್ ಕೋಷ್ಟಕವನ್ನು ಮಾತ್ರ ‘ಬರೀ ಅಂಕಿಗಳಲ್ಲವೇ’ ಎಂದು ಕೊನೆಯ ರಾತ್ರಿಗೆ ಬಿಡುತ್ತಾರೆ. ಈ ಕ್ರಮ ತಲೆಕೆಳಗಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ಬಜೆಟ್, ಆಮೇಲೆ ಮೌಲ್ಯಮಾಪನದ ಮಾನದಂಡಗಳು, ನಂತರ ಉದ್ದೇಶಗಳು, ಕೊನೆಗೆ ಪೀಠಿಕೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಶಿರಸಿ, ಸಿದ್ದಾಪುರದ ಕಡೆಯ ಸಾಂಪ್ರದಾಯಿಕ ಭತ್ತದ ತಳಿಗಳ ಬಗ್ಗೆ ರೈತ ಮಹಿಳೆಯರಲ್ಲಿರುವ ತಿಳಿವಳಿಕೆಯನ್ನು ದಾಖಲಿಸಲು, ಸಂಶೋಧನೆಯನ್ನೇ ಮುಖ್ಯ ಕೆಲಸವಾಗಿಸಿಕೊಂಡ ಒಂದು ಸಣ್ಣ ಟ್ರಸ್ಟ್ ವಿದೇಶಿ ಪ್ರತಿಷ್ಠಾನವೊಂದಕ್ಕೆ ಅರ್ಜಿ ಹಾಕುತ್ತಿದೆ ಎಂದುಕೊಳ್ಳಿ. ಅವಧಿ 18 ತಿಂಗಳು, ಕೇಳಿರುವ ಹಣ 18,00,000 ರೂಪಾಯಿ. ಕನ್ನಡ ಬಜೆಟ್‌ನಲ್ಲಿ ಒಂದು ಸಾಲು ಹೀಗಿದೆ: ‘ಸಿಬ್ಬಂದಿ ಮತ್ತು ಆಡಳಿತ – 7,20,000’. ಇದನ್ನು ಇದ್ದ ಹಾಗೆಯೇ ಇಂಗ್ಲಿಷಿಗೆ ತಂದರೆ, ಒಟ್ಟು ಹಣದ ಶೇ. 40 ಆಡಳಿತಕ್ಕೇ ಹೋಗುತ್ತದೆ ಎಂದು ಓದುವವರಿಗೆ ಅನಿಸುತ್ತದೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ, ಒಂದು ಆರ್ಥಿಕ ವರ್ಷದಲ್ಲಿ ಬಂದ ವಂತಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲನ್ನು ಶೇ. 50ರಿಂದ 20ಕ್ಕೆ ಇಳಿಸಿದೆ. ಭಾರತಕ್ಕೆ ಹಣ ಕಳಿಸುವ ಪ್ರತಿಷ್ಠಾನಗಳು ಈ ಮಿತಿಯನ್ನು ನೋಡಿಯೇ ನೋಡುತ್ತವೆ.

ಆದರೆ ಆ ಸಾಲಿನೊಳಗೆ ಇರುವುದೇನು ಎಂದು ಟ್ರಸ್ಟ್‌ನವರನ್ನು ಕೇಳಿದರೆ ಚಿತ್ರವೇ ಬೇರೆ. ಇಬ್ಬರು ಕ್ಷೇತ್ರ ಸಹಾಯಕರಿಗೆ ತಿಂಗಳಿಗೆ ತಲಾ 15,000ದಂತೆ 18 ತಿಂಗಳಿಗೆ 5,40,000. ಉಳಿದ 1,80,000 ಮಾತ್ರ ಕಚೇರಿ ಬಾಡಿಗೆ ಮತ್ತು ಲೆಕ್ಕಪತ್ರದ ಕೆಲಸಕ್ಕೆ. ಮುಖ್ಯವಾಗಿ ಸಂಶೋಧನೆ ಅಥವಾ ತರಬೇತಿಯಲ್ಲಿ ತೊಡಗಿದ ಸಂಸ್ಥೆಯಾದರೆ, ಕ್ಷೇತ್ರದ ಮಾಹಿತಿ ಸಂಗ್ರಹಿಸುವ, ವಿಶ್ಲೇಷಿಸುವ ಸಿಬ್ಬಂದಿಯ ಸಂಬಳವನ್ನು ನಿಯಮಗಳು ಆಡಳಿತ ವೆಚ್ಚಕ್ಕೆ ಸೇರಿಸುವುದಿಲ್ಲ. ಹಾಗಾಗಿ ಇಲ್ಲಿ ನಿಜವಾದ ಆಡಳಿತ ವೆಚ್ಚ ಶೇ. 10. ಒಂದು ಸಾಲನ್ನು ಎರಡಾಗಿ ಬಿಡಿಸಿದ ಮಾತ್ರಕ್ಕೆ ಪ್ರಸ್ತಾವನೆ ಅನುಮಾನದಿಂದ ಪಾರಾಗುತ್ತದೆ. ಅನುವಾದಕರು ಇದನ್ನು ತಾವೇ ಊಹಿಸಿ ಬಿಡಿಸಬಾರದು. ಲೆಕ್ಕ ಇಟ್ಟವರಿಂದ ಲಿಖಿತ ಉತ್ತರ ಪಡೆದು, ಕನ್ನಡ ಮೂಲದಲ್ಲೂ ಅದೇ ತಿದ್ದುಪಡಿ ಮಾಡಿಸಬೇಕು. ಇಲ್ಲದಿದ್ದರೆ ಅನುದಾನ ಬಂದ ಮೇಲೆ ಟ್ರಸ್ಟ್‌ನ ಕೈಯಲ್ಲಿ ಒಂದಕ್ಕೊಂದು ಹೊಂದದ ಎರಡು ಬಜೆಟ್‌ಗಳು ಉಳಿಯುತ್ತವೆ.

ಅಂಕಿಗಳನ್ನು ಬರೆಯುವ ರೀತಿಯಲ್ಲೂ ಎಚ್ಚರ ಬೇಕು. 18,00,000 ಎಂಬುದು ಲಕ್ಷದ ಲೆಕ್ಕ ಗೊತ್ತಿಲ್ಲದವರಿಗೆ ಅಚ್ಚಿನ ತಪ್ಪಿನಂತೆ ಕಾಣುತ್ತದೆ. 1,800,000 ಎಂದು ಬರೆದರೆ ಇಡೀ ಕಡತದಲ್ಲಿ ಹಾಗೆಯೇ ಬರೆಯಬೇಕು. ಮೂಲದ ಕೋಷ್ಟಕದಲ್ಲಿ ಕನ್ನಡ ಅಂಕಿಗಳಿದ್ದರೆ ಇನ್ನೂ ಒಂದು ಅಪಾಯವಿದೆ. ಅಂಥ ಕೋಶವನ್ನು ತಂತ್ರಾಂಶ ಪಠ್ಯವೆಂದು ಓದಿಕೊಂಡರೆ, `SUM` ಅದನ್ನು ಸದ್ದಿಲ್ಲದೆ ಬಿಟ್ಟು ಉಳಿದದ್ದನ್ನಷ್ಟೇ ಕೂಡುತ್ತದೆ. ಹನ್ನೊಂದು ಸಾಲುಗಳಿರುವ ಕಡೆ ಹೀಗೆ ಪರೀಕ್ಷಿಸಬಹುದು:

```
=COUNT(D2:D12)
```

ಉತ್ತರ 11ಕ್ಕಿಂತ ಕಡಿಮೆ ಬಂದರೆ ಯಾವುದೋ ಸಾಲು ಲೆಕ್ಕದಿಂದ ಹೊರಗುಳಿದಿದೆ.

ಬಜೆಟ್ ಸ್ಪಷ್ಟವಾದ ಮೇಲೆ ಉದ್ದೇಶಗಳ ಕೊರತೆ ತಾನಾಗಿ ಎದ್ದು ಕಾಣುತ್ತದೆ. ‘ತಳಿಗಳ ಬಗ್ಗೆ ಅಧ್ಯಯನ ನಡೆಸುವುದು, ಜನರಲ್ಲಿ ಅರಿವು ಮೂಡಿಸುವುದು’ ಎಂದು ಮೂಲದಲ್ಲಿದೆ. ಯಾರು, ಎಷ್ಟು, ಯಾವಾಗ ಎಂಬುದು ಅದರಲ್ಲಿಲ್ಲ. ನಮ್ಮ ಬರವಣಿಗೆಯಲ್ಲಿ ಇದು ರೂಢಿ, ಓದುವವರಿಗೂ ತೊಡಕಾಗುವುದಿಲ್ಲ. ಆದರೆ ಪ್ರತಿಷ್ಠಾನದ ಪರಿಶೀಲಕರು ಪ್ರತಿ ಉದ್ದೇಶದ ಎದುರು ಅಳೆಯಬಹುದಾದ ಒಂದು ಫಲಿತಾಂಶವನ್ನು ಹುಡುಕುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು ಮಾನದಂಡಗಳ ಕೋಷ್ಟಕದಲ್ಲಿ ಅಡಗಿದೆ: 60 ಸಂದರ್ಶನಗಳು. ಪ್ರಯಾಣದ ಸಾಲು ಮಾತ್ರ 40 ಭೇಟಿಗಳಿಗೆ ಲೆಕ್ಕ ಹಾಕಿದೆ. ಒಂದೇ ಭೇಟಿಯಲ್ಲಿ ಇಬ್ಬರನ್ನು ಮಾತನಾಡಿಸುವ ಯೋಜನೆ ಇರಬಹುದು, ಅಥವಾ 20 ಭೇಟಿಗಳ ಹಣ ಬಿಟ್ಟುಹೋಗಿರಬಹುದು. ಮೂರು ಭಾಗಗಳನ್ನೂ ಒಂದೊಂದೇ ಪದ ಹಿಡಿದು ಓದುವವರು ಅನುವಾದಕರು. ಆದ್ದರಿಂದ ಈ ಪ್ರಶ್ನೆ ಏಳುವುದೂ ಅವರಿಗೇ.

ಮಾನದಂಡಗಳಲ್ಲಿ ಎರಡು ಬಗೆ ಇರುವುದನ್ನೂ ಇಲ್ಲಿ ಹೇಳಬೇಕು. ಅರ್ಜಿಗೆ ಅಂಕ ಕೊಡಲು ಪ್ರತಿಷ್ಠಾನ ಇಟ್ಟುಕೊಂಡಿರುವವು ಒಂದು, ಯೋಜನೆ ಗೆದ್ದಿತೋ ಇಲ್ಲವೋ ಎಂದು ಟ್ರಸ್ಟ್ ತಾನೇ ಅಳೆದುಕೊಳ್ಳುವವು ಇನ್ನೊಂದು. ಮೊದಲನೆಯದಕ್ಕೆ ಪ್ರತಿಷ್ಠಾನ ತನ್ನ ಮಾರ್ಗಸೂಚಿಯಲ್ಲಿ ಬಳಸಿದ ಇಂಗ್ಲಿಷ್ ಪದಗಳನ್ನೇ ಬಳಸಬೇಕು, ಅಲ್ಲಿ ಪರ್ಯಾಯ ಪದಗಳ ಚೆಲುವು ಬೇಡ. ಎರಡನೆಯದು ಟ್ರಸ್ಟ್‌ನ ಸ್ವಂತ ಮಾತು, ಅದು ಅವರ ದನಿಯಲ್ಲೇ ಬರಲಿ.

ಇಷ್ಟೆಲ್ಲ ಕೇಳಿ ತಿಳಿಯಲು ಸಮಯ ಬೇಕು. ಕೊನೆಯ ದಿನಾಂಕಕ್ಕೆ ಎರಡು ದಿನ ಇರುವಾಗ ಕಡತ ಕಳಿಸಿ ‘ಸುಮ್ಮನೆ ಇಂಗ್ಲಿಷ್ ಮಾಡಿಕೊಡಿ’ ಎನ್ನುವ ಸಂಶೋಧಕ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು: ಪೀಠಿಕೆ ಇನ್ನೂ ಬರೆಯುತ್ತಿರಿ, ತೊಂದರೆಯಿಲ್ಲ. ಕೋಷ್ಟಕಗಳನ್ನು ಮಾತ್ರ ಎರಡು ವಾರ ಮುಂಚೆ ಕಳಿಸಿ, ಜೊತೆಗೆ ನಿಮ್ಮ ಲೆಕ್ಕಿಗರ ದೂರವಾಣಿ ಸಂಖ್ಯೆಯನ್ನೂ ಕೊಡಿ.