ಲಾಕ್ ಬಿಟ್ಟ ದಿನ

2020ರ ಮಾರ್ಚ್ 23, ಸೋಮವಾರ. ನಿಫ್ಟಿ ಒಂದೇ ದಿನಕ್ಕೆ ಶೇ. 13ರಷ್ಟು ಕುಸಿದು 7,610ಕ್ಕೆ ಬಂದು ನಿಂತಿತ್ತು. ಸಂಜೆ ಭಾವ ಫೋನ್ ಮಾಡಿದರು. ವಿಷಯ ಅವರ ಇಎಲ್‌ಎಸ್‌ಎಸ್, ಅಂದರೆ ತೆರಿಗೆ ಉಳಿಸಲು ಹಾಕುವ, ಮೂರು ವರ್ಷ ತೆಗೆಯಲು ಬಾರದ ಷೇರು ಮ್ಯೂಚುವಲ್ ಫಂಡ್.

"ನನ್ನ ಇಎಲ್‌ಎಸ್‌ಎಸ್‌ಗೆ ಮೂರು ವರ್ಷ ತುಂಬ್ತು ಕಣೋ. ಲಾಕ್ ಬಿಟ್ಟಿದೆ. ತೆಗೆದುಬಿಡ್ಲಾ?"

"ದುಡ್ಡು ಬೇಕಾಗಿತ್ತಾ ಭಾವ?"

"ಬೇಕಾಗಿ ಏನಿಲ್ಲ. ಇನ್ನೂ ಇಳಿದುಹೋದ್ರೆ?"

2017ರ ಮಾರ್ಚ್‌ನಲ್ಲಿ, ತೆರಿಗೆ ಲೆಕ್ಕ ಕೊಡುವ ಕೊನೇ ಗಳಿಗೆಯಲ್ಲಿ, ಅವರು ಒಂದು ಲಕ್ಷ ಹಾಕಿದ್ದರು. ಆಗ ನಿಫ್ಟಿ 9,100ರ ಆಸುಪಾಸಿನಲ್ಲಿತ್ತು. ಅವರ ಫಂಡ್ ಹೆಚ್ಚುಕಡಿಮೆ ನಿಫ್ಟಿಯ ಜೊತೆಗೇ ಏರಿಳಿದಿದ್ದರಿಂದ ಆ ಲಕ್ಷ ಸುಮಾರು 84 ಸಾವಿರಕ್ಕೆ ಇಳಿದಿತ್ತು. ನಾನು ಬೇಡ ಅಂದೆ. ಮರುದಿನ ತೆಗೆದೇಬಿಟ್ಟರು. ಒಂದು ವರ್ಷ ಕಳೆಯುವಷ್ಟರಲ್ಲಿ ನಿಫ್ಟಿ 14,700ರ ಹತ್ತಿರ ಬಂತು. ಸುಮ್ಮನೆ ಬಿಟ್ಟಿದ್ದರೆ ಅದೇ ದುಡ್ಡು 1.6 ಲಕ್ಷದಷ್ಟಾಗಿರುತ್ತಿತ್ತು.

ಅವತ್ತು ನನ್ನ ಪರಿಸ್ಥಿತಿ ಅವರದ್ದಕ್ಕಿಂತ ಕೆಟ್ಟದಾಗಿತ್ತು. ನಾನು ಹಾಕಿದ್ದು 2020ರ ಜನವರಿಯಲ್ಲಿ, ನಿಫ್ಟಿ 12,200 ಇದ್ದಾಗ. ಎರಡೇ ತಿಂಗಳಲ್ಲಿ ಲಕ್ಷ ಹೋಗಿ 62 ಸಾವಿರ. ಭಾವನಿಗೆ ಬುದ್ಧಿ ಹೇಳಿ ಫೋನ್ ಇಟ್ಟವನೇ ಆ್ಯಪ್ ತೆರೆದು ನೋಡಿದೆ. ತೆಗೆಯಬಹುದಾದ ಯೂನಿಟ್ ಸೊನ್ನೆ ಅಂತ ತೋರಿಸಿತು. ತೆಗೆಯಲು ಬಂದಿದ್ದರೆ ನಾನೂ ತೆಗೆಯುತ್ತಿದ್ದೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. 2023ರ ಜನವರಿಯಲ್ಲಿ ನನ್ನ ಲಾಕ್ ಬಿಟ್ಟಾಗ ನಿಫ್ಟಿ 18,000ದ ಆಜುಬಾಜಿನಲ್ಲಿತ್ತು.

ಅವತ್ತಿನಿಂದ ನನ್ನ ಅಭಿಪ್ರಾಯ ಒಂದೇ. ಲಾಕ್-ಇನ್ ನಮಗೆ ತಾಳ್ಮೆ ಕಲಿಸುವುದಿಲ್ಲ, ನಮ್ಮ ಕೈ ಕಟ್ಟಿಹಾಕುತ್ತದೆ, ಅಷ್ಟೇ. ಕಟ್ಟು ಬಿಚ್ಚಿದ ದಿನ ನಾವು ಮೊದಲಿನ ನಾವೇ. ಮೂರು ವರ್ಷ ಅನ್ನುವುದು ಎಫ್‌ಡಿಯ ಮೆಚ್ಯೂರಿಟಿ ಥರ ತಲೆಯಲ್ಲಿ ಕೂತುಬಿಟ್ಟಿದೆ. ಷೇರುಪೇಟೆಗೆ ಆ ತಾರೀಕಿನ ಹಂಗೇ ಇಲ್ಲ. ಅವತ್ತು ಹಣ ತೆಗೆಯಲೇಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ, ಯೂನಿಟ್‌ಗಳು ಫಂಡ್‌ನಲ್ಲಿ ಹಾಗೇ ಮುಂದುವರಿಯುತ್ತವೆ.

ಇನ್ನು ಈ ಫಂಡ್ ಮಾರುವವರು ಹೇಳುವ ಒಂದು ಮಾತು: "ಜನ ದುಡ್ಡು ತೆಗೆಯೋಕಾಗಲ್ಲ, ಹಾಗಾಗಿ ಫಂಡ್ ಮ್ಯಾನೇಜರ್ ನಿರಾಳವಾಗಿ ದೂರದ ಲೆಕ್ಕ ಹಾಕಿ ಷೇರು ಕೊಳ್ಳಬಹುದು." ಹೊಸ ಫಂಡ್‌ಗೆ ಇದು ನಿಜ. ಹಳೇ ಫಂಡ್‌ಗೆ ಲೆಕ್ಕ ಹಾಕಿ ನೋಡಿ. ಹತ್ತು ವರ್ಷ, ಪ್ರತಿ ವರ್ಷದ ಕೊನೆಗೆ ಒಂದೇ ಮೊತ್ತ ಬಂತು, ಯಾರೂ ತೆಗೆಯಲಿಲ್ಲ, ವರ್ಷಕ್ಕೆ ಶೇ. 12ರಂತೆ ಬೆಳೆಯಿತು ಅಂದುಕೊಳ್ಳಿ. ಹತ್ತನೇ ವರ್ಷದ ಕೊನೆಗೆ ಲಾಕ್‌ನಲ್ಲಿರುವುದು ಕೊನೇ ಮೂರು ವರ್ಷದ ದುಡ್ಡು ಮಾತ್ರ, ಒಟ್ಟು ಮೊತ್ತದ ಸುಮಾರು ಶೇ. 19. ಉಳಿದ ಐದರಲ್ಲಿ ನಾಲ್ಕು ಪಾಲು ಯಾವತ್ತು ಬೇಕಾದರೂ ಹೊರಗೆ ನಡೆಯಬಹುದು. ಅಂದಮೇಲೆ ಮ್ಯಾನೇಜರ್ ಬೇರೆ ಓಪನ್-ಎಂಡೆಡ್ ಫಂಡ್‌ನವರಷ್ಟೇ ಎಚ್ಚರದಲ್ಲಿರಬೇಕು. ತಾಳ್ಮೆಯಿಂದ ನಡೆಸುತ್ತಿದ್ದಾರಾ ಅನ್ನುವುದಕ್ಕೆ ಫ್ಯಾಕ್ಟ್‌ಶೀಟ್‌ನಲ್ಲಿ ಪೋರ್ಟ್‌ಫೋಲಿಯೋ ಟರ್ನೋವರ್ ಅನ್ನುವ ಸಾಲು ನೋಡಿ. ಅದು ಶೇ. 100ರ ಸುತ್ತ ಇದ್ದರೆ, ಹೆಚ್ಚುಕಡಿಮೆ ಇಡೀ ಬುಟ್ಟಿಯೇ ವರ್ಷದಲ್ಲಿ ಒಮ್ಮೆ ಬದಲಾಗಿದೆ ಅಂತ ಅರ್ಥ. ಹೂಡಿಕೆದಾರನಿಗೆ ಮೂರು ವರ್ಷ ಕಾಯಿ ಅಂದವರು ತಾವು ಒಂದು ವರ್ಷವೂ ಕಾಯಲಿಲ್ಲ.

ತಿಂಗಳ ಕಂತಿನಲ್ಲಿ ಕಟ್ಟುವ ಎಸ್‌ಐಪಿಯದ್ದು ಬೇರೆಯೇ ಕಥೆ. ಲಾಕ್ ಕಂತುಕಂತಿಗೂ ಬೇರೆ. 2021ರ ಏಪ್ರಿಲ್‌ನಿಂದ ತಿಂಗಳಿಗೆ 5,000ದಂತೆ 36 ಕಂತು ಕಟ್ಟಿದವರಿಗೆ 2024ರ ಏಪ್ರಿಲ್‌ನಲ್ಲಿ ಕೈಗೆ ಸಿಗುವುದು ಮೊದಲ ಕಂತಿನ ಯೂನಿಟ್ ಮಾತ್ರ. ಕೊನೇ ಕಂತು ಬಿಡುವುದು 2027ರ ಮಾರ್ಚ್‌ಗೆ. "ಮೂರು ವರ್ಷ ಆಯ್ತಲ್ಲ, ಎಲ್ಲಾ ತೆಗೀಬಹುದು" ಅಂದುಕೊಂಡು ಮಗಳ ಕಾಲೇಜು ಫೀಸಿಗೆ ಇದನ್ನೇ ನಂಬಿ ಕೂತ ಸ್ನೇಹಿತರೊಬ್ಬರು ಕೊನೆಗೆ ಸಾಲ ಮಾಡಿದರು. ಲಾಕ್‌ನಲ್ಲಿರುವ ಯೂನಿಟ್‌ಗಳನ್ನು ಅಡ ಇಡುವುದಕ್ಕೂ ಬರುವುದಿಲ್ಲ. ಅರ್ಜಿ ತುಂಬಿಸಿಕೊಂಡವರು ಈ ಒಂದು ಮಾತು ಹೇಳಬೇಕಿತ್ತು. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಈಗ ಇದಕ್ಕಿಂತ ದೊಡ್ಡ ಎಡವಟ್ಟು ನಡೆಯುತ್ತಿದೆ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಡೀಫಾಲ್ಟ್. ಅದರಲ್ಲಿ ಇಎಲ್‌ಎಸ್‌ಎಸ್‌ಗೆ ಸಿಗುತ್ತಿದ್ದ 80ಸಿ ವಿನಾಯಿತಿ ಇಲ್ಲ. ಪದ್ಧತಿ ಬದಲಾಯಿಸಿದವರಲ್ಲಿ ಎಷ್ಟೋ ಜನ ಹಳೇ ಎಸ್‌ಐಪಿ ನಿಲ್ಲಿಸುವುದನ್ನೇ ಮರೆತಿದ್ದಾರೆ. ವಿನಾಯಿತಿ ಹೋಯಿತು, ಲಾಕ್ ಮಾತ್ರ ಉಳಿಯಿತು. ಎಸ್‌ಐಪಿ ನಿಲ್ಲಿಸಿದರೆ ಹಳೇ ಯೂನಿಟ್‌ಗಳಿಗೆ ಏನೂ ಆಗುವುದಿಲ್ಲ. ಅದೇ ಮೊತ್ತವನ್ನು ಲಾಕ್ ಇಲ್ಲದ ಫ್ಲೆಕ್ಸಿ ಕ್ಯಾಪ್ ಫಂಡ್‌ಗೋ ಇಂಡೆಕ್ಸ್ ಫಂಡ್‌ಗೋ ತಿರುಗಿಸಿದರೆ ಹೂಡಿಕೆ ಷೇರಿನಲ್ಲೇ ಮುಂದುವರಿಯುತ್ತದೆ, ಕೈಯೂ ಕಟ್ಟಿರುವುದಿಲ್ಲ.

ಕಳೆದ ಸಲ ಮನೆಗೆ ಬಂದಾಗ ಭಾವನ ಫೋನ್ ಇಸ್ಕೊಂಡು ನೋಡಿದೆ. ಹೊಸ ಪದ್ಧತಿಗೆ ಹೋಗಿ ಎರಡು ವರ್ಷವಾಗಿದೆ. 2025ರ ಜುಲೈನ ಕಂತು 2028ರ ಜುಲೈವರೆಗೆ ಲಾಕ್ ಆಗಿ ಕೂತಿತ್ತು.