ಮುಖ ಊದಿಸಿಕೊಂಡ ಮೊಸರು

ಬುಧವಾರ ಬೆಳಿಗ್ಗೆ ಫ್ರಿಜ್ ತೆಗೆದರೆ, ಬಾಗಿಲ ಗೂಡಿನಲ್ಲಿ ಮೊಸರಿನ ಪ್ಯಾಕೆಟ್ಟು ಮುಖ ಊದಿಸಿಕೊಂಡು ಕೂತಿತ್ತು. ಸೋಮವಾರ ತಂದಾಗ ಕೈಯಲ್ಲಿ ಬಳುಕುತ್ತಿದ್ದದ್ದು, ಈಗ ಬೆರಳಿಟ್ಟರೆ ಚೆಂಡಿನ ಹಾಗೆ ಬಿಗಿ. ಮೇಲೆ ಅಚ್ಚಾದ ತಾರೀಖು ಮಾತ್ರ ಶನಿವಾರದವರೆಗೆ ಚಿಂತೆ ಇಲ್ಲ ಎನ್ನುತ್ತಿತ್ತು.

ನಾನು ತಾರೀಖನ್ನು ನಂಬುವವನು. ಕತ್ತರಿ ತಂದು ಮೂಲೆ ಕತ್ತರಿಸಿದೆ. ‘ಪುಸ್’ ಎಂದಿತು. ಕನ್ನಡಕ, ಅಂಗಿ, ಕ್ಯಾಲೆಂಡರ್, ಎಲ್ಲಕ್ಕೂ ಮೊಸರು. ಪ್ಯಾಕೆಟ್ಟಿನಲ್ಲಿ ಉಳಿದದ್ದು ಸ್ಪಂಜಿನ ಹಾಗೆ ತೂತುತೂತು. ವಾಸನೆ ಹುದುಗಿದ ಬ್ರೆಡ್ ಹಿಟ್ಟಿನದು.

"ಸ್ವಲ್ಪ ಹುಳಿಯಾಗಿದೆ ಅಷ್ಟೇ" ಎಂದು ಚಮಚ ಹುಡುಕಿದೆ.

"ಹುಳಿಯಾದ ಮೊಸರು ಹುಳಿಯಾಗಿರುತ್ತೆ. ಊದ್ಕೊಳಲ್ಲ ರೀ" ಎಂದಳು ಹೆಂಡತಿ, ಚಮಚ ಕಿತ್ತುಕೊಂಡು.

ಅವಳ ಮಾತೇ ಸರಿ. ಮೊಸರು ಮಾಡುವ ಮಾಮೂಲಿ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಹುಳಿ ಮಾಡುತ್ತವೆ, ಪ್ಯಾಕೆಟ್ ಉಬ್ಬುವಷ್ಟು ಗಾಳಿ ಬಿಡುವುದಿಲ್ಲ. ಗಾಳಿ ತುಂಬುವ ಕೆಲಸ ಹೆಚ್ಚಾಗಿ ಯೀಸ್ಟಿನದು, ಕೆಲವೊಮ್ಮೆ ಕೊಲಿಫಾರ್ಮ್ ಬ್ಯಾಕ್ಟೀರಿಯಾದ್ದು. ಹೆಪ್ಪು ಹಾಕುವ ಮೊದಲು ಹಾಲನ್ನು ಕಾಯಿಸುವ ಬಿಸಿಗೆ ಇವೆರಡೂ ಸಾಯುತ್ತವೆ. ಹಾಗಾಗಿ ಇವು ಸೇರಿಕೊಳ್ಳುವುದು ಆಮೇಲೆ, ಹೆಪ್ಪು ಹಾಕುವಾಗ ಅಥವಾ ಪ್ಯಾಕ್ ಮಾಡುವಾಗ. ಯೀಸ್ಟಂತೂ ಹುಳಿಗೂ ಚಳಿಗೂ ಹೆದರುವ ಜೀವವಲ್ಲ. ಫ್ರಿಜ್‌ನಲ್ಲೂ ಬೆಳೆಯುತ್ತೆ, ನಿಧಾನ ಅಷ್ಟೇ. ಮೇಲೆ ಸ್ವಲ್ಪ ನೀರು ಬಿಟ್ಟಿದ್ದರೆ ಅದು ಮೊಸರಿನ ಸಹಜ ಗುಣ, ಬಿಡಿ. ಆದರೆ ಊದಿದ್ದನ್ನು ರುಚಿ ನೋಡಬಾರದು. ಒಳಗೆ ಯಾವುದು ಬೆಳೆದಿದೆ ಎಂದು ಕಣ್ಣಿಗೆ, ನಾಲಿಗೆಗೆ ತಿಳಿಯುವುದಿಲ್ಲ. ಹಾಲಿನ ಪ್ಯಾಕೆಟ್ ಊದಿದ್ದರೂ ಅಷ್ಟೇ. ಕುದಿಸಿದರೆ ಸರಿಹೋಗುತ್ತೆ ಅನ್ನೋದು ಸುಳ್ಳು ಧೈರ್ಯ, ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿತಕ್ಕೂ ಜಗ್ಗುವುದಿಲ್ಲ.

ನಾನು ಬಿಡಲಿಲ್ಲ. ಪ್ಯಾಕೆಟ್ಟಿನ ಬ್ಯಾಚ್ ಸಂಖ್ಯೆಯ ಫೋಟೊ ತೆಗೆದು, ಡೈರಿಯವರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಶಾಂತವಾಗಿ "ಎಲ್ಲಿಟ್ಟಿದ್ರಿ ಸರ್?" ಎಂದಳು. "ಫ್ರಿಜ್‌ನಲ್ಲಿ." "ಫ್ರಿಜ್‌ನಲ್ಲಿ ಎಲ್ಲಿ?"

ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿಯಿಡೀ ಬಾಗಿಲಲ್ಲಿಟ್ಟೆ. 11 ಡಿಗ್ರಿ! ಮರುರಾತ್ರಿ ಒಳಗಡೆ ಹಿಂದಿನ ಮೂಲೆಯಲ್ಲಿ 4. ತಾರೀಖು ಹಾಕುವವರು ಪ್ಯಾಕೆಟ್ ತಣ್ಣಗೇ ಇರುತ್ತದೆ ಎಂದು ಲೆಕ್ಕ ಹಿಡಿದಿರುತ್ತಾರೆ. ನಾನೋ, ದಿನಕ್ಕೆ ಇಪ್ಪತ್ತು ಸಲ ಸುಮ್ನೆ ಬಾಗಿಲು ತೆಗೆದು ಒಳಗೆ ನೋಡುವವನು. "ಡೈರಿಯವರನ್ನು ಬೈದಿದ್ದು ಸಾಕು, ಇನ್ನು ನಿಮ್ಮನ್ನ ಬೈಕೊಳ್ಳಿ" ಎಂದಳು ಹೆಂಡತಿ.

ಆದರೆ ಆ ಸೋಮವಾರವೇ ಅದೇ ಬ್ಯಾಚಿನ ಇನ್ನೊಂದು ಪ್ಯಾಕೆಟ್ಟನ್ನೂ ತಂದು ಹಿಂದಿನ ಮೂಲೆಯಲ್ಲಿಟ್ಟಿದ್ದೆ. ಶುಕ್ರವಾರ ನೋಡಿದರೆ ಅದೂ ಊದಿತ್ತು, ಅದೂ 4 ಡಿಗ್ರಿಯಲ್ಲಿ. ಅಂದರೆ ಯೀಸ್ಟೋ ಮತ್ತೊಂದೋ, ಬಂದದ್ದು ಪ್ಯಾಕೆಟ್ಟಿನ ಜೊತೆಗೇ. ನನ್ನ ಬಾಗಿಲು ಅದರ ಕೆಲಸ ಎರಡು ದಿನ ಬೇಗ ಮುಗಿಸಿಕೊಟ್ಟಿತ್ತು ಅಷ್ಟೇ.

"ನೋಡು, ತಪ್ಪು ಪೂರ್ತಿ ನಂದಲ್ಲ!" ಎಂದು ಪ್ಯಾಕೆಟ್ಟನ್ನು ಬಹುಮಾನದಂತೆ ಎತ್ತಿ ಹಿಡಿದೆ.

"ಸರಿ" ಎಂದು ಅವಳು ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು ಬೇರೆ ಕೋಣೆಗೆ ಒಯ್ದಳು.