ಅಂಗಡಿ ಸಾವ್ಕಾರ್ರಿಗೆ ಬರೆಯುವ ಮೇಲ್ ನಾಲ್ಕು ವಾಕ್ಯ ದಾಟಬಾರದು

ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಸಣ್ಣ ಯೂನಿಟ್ ನಡೆಸುವ ಹುಡುಗರು ಬಹಳ ಜನ ನನಗೆ ತಮ್ಮ ಮಾರಾಟದ ಮೇಲ್ ತೋರಿಸುತ್ತಾರೆ. ಡಬ್ಬಿ ಮಾಡುವವರು, ಕ್ಯಾರಿಬ್ಯಾಗ್ ಮಾಡುವವರು, ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವವರು. ಎಲ್ಲರದ್ದೂ ಒಂದೇ ದೂರು: "ನೂರಾರು ಅಂಗಡಿಗೆ ಕಳಿಸಿದ್ವಿ, ಒಬ್ಬರೂ ಉತ್ತರ ಕೊಡಲಿಲ್ಲ." ಮಾಲು ಚೆನ್ನಾಗಿರುತ್ತದೆ, ರೇಟೂ ಸರಿಯಾಗಿರುತ್ತದೆ. ಕೆಡುವುದು ಪತ್ರದಲ್ಲಿ. ಒಳ್ಳೆಯ ಮಾಲು ಹೀಗೆ ಗೋಡೌನಿನಲ್ಲೇ ಉಳಿಯುವುದು ನೋಡಿದರೆ ಬೇಜಾರಾಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು, ಆ ಮೇಲ್ ಓದುವವರು ಎಲ್ಲಿರುತ್ತಾರೆ ಅಂತ ಯೋಚಿಸಿ. ಹುಬ್ಬಳ್ಳಿಯ ದುರ್ಗದಬೈಲಿನ ಅಥವಾ ಧಾರವಾಡದ ಸುಭಾಷ ರಸ್ತೆಯ ಅಂಗಡಿ ಸಾವ್ಕಾರ್ರಿಗೆ ಮೇಲ್ ನೋಡಲು ಟೇಬಲ್, ಕಂಪ್ಯೂಟರ್ ಇರುವುದಿಲ್ಲ. ಗಲ್ಲಾದ ಹಿಂದೆ ನಿಂತು, ಎದುರಿಗೆ ಗಿರಾಕಿ ಇರುವಾಗಲೇ ಮೊಬೈಲಿನಲ್ಲಿ ನೋಡುತ್ತಾರೆ. ಅವರಿಗೆ ಮೇಲ್ ಅಂದರೆ ಬ್ಯಾಂಕಿನ ಸ್ಟೇಟ್‌ಮೆಂಟ್, ಜಿಎಸ್‌ಟಿ ನೋಟಿಸು, ಕರೆಂಟ್ ಬಿಲ್ಲು. ಮೇಲ್ ತೆರೆಯುವ ಮೊದಲೇ ಮೊಬೈಲಿನಲ್ಲಿ ಕಾಣುವುದು ಮೂರೇ ವಿಷಯ: ಕಳಿಸಿದವರ ಹೆಸರು, ವಿಷಯದ ಸಾಲಿನ ನಾಲ್ಕೈದು ಪದ, ಪತ್ರದ ಮೊದಲ ಸಾಲಿನ ತುಣುಕು. ತೆರೆಯಬೇಕೋ ಬಿಡಬೇಕೋ ಅನ್ನುವುದು ಅಷ್ಟರಲ್ಲೇ ತೀರ್ಮಾನವಾಗುತ್ತದೆ.

ಆ ಜಾಗದಲ್ಲಿ ನಮ್ಮ ಹುಡುಗರು ಏನು ಬರೆಯುತ್ತಾರೆ? "ನಮ್ಮ ಸಂಸ್ಥೆಯು ಗುಣಮಟ್ಟದ ಪ್ಯಾಕೇಜಿಂಗ್ ಕ್ಷೇತ್ರದಲ್ಲಿ ಮುಂಚೂಣಿಯಲ್ಲಿದ್ದು..." ಕೆಳಗೆ ಸಂಸ್ಥೆಯ ಚರಿತ್ರೆ, ಮಷೀನುಗಳ ಪಟ್ಟಿ, ಎರಡು ಲಿಂಕು, ಭಾರದ ಬ್ರೋಷರು. ಕೊನೆಗೆ "ತಮ್ಮ ಅಮೂಲ್ಯ ಸಮಯದಲ್ಲಿ ಅರ್ಧ ಗಂಟೆ ಕೊಡಿ". ಅರ್ಧ ಗಂಟೆ ಯಾರ ಹತ್ತಿರ ಇದೆ? ಧಾರವಾಡದ ಸಿಹಿತಿಂಡಿ ಅಂಗಡಿಯ ಹಿರಿಯರೊಬ್ಬರು ಇಂಥದ್ದೇ ಒಂದು ಮೇಲ್ ನನ್ನ ಮುಂದೆ ಹಿಡಿದು ಹೇಳಿದರು: "ತಮ್ಮಾ, ಇದರಾಗ ನನ್ನ ಅಂಗಡಿ ಎಲ್ಲೈತಿ ತೋರ್ಸು. ಎಲ್ಲಾ ಅವರದ ಐತಿ." ಮೇಲ್ ಸೋಲುವುದಕ್ಕೆ ಇದಕ್ಕಿಂತ ನೇರವಾದ ಕಾರಣ ಇನ್ನೊಂದಿಲ್ಲ.

ಈಗ ಒಂದು ಪತ್ರವನ್ನೇ ತೆಗೆದುಕೊಳ್ಳೋಣ. ಗದಗ-ಬೆಟಗೇರಿಯಲ್ಲಿ ಸಿಹಿತಿಂಡಿ ಡಬ್ಬಿ ಮಾಡುವವರು ಧಾರವಾಡದ ಪೇಡಾ ಅಂಗಡಿಗೆ ಬರೆಯುತ್ತಿದ್ದಾರೆ ಅಂತ ಇಟ್ಟುಕೊಳ್ಳಿ. ರೇಟು ಉದಾಹರಣೆಗೆ ಮಾತ್ರ. ನಾನಾದರೆ ಹೀಗೆ ಬರೆಯುತ್ತೇನೆ:

ವಿಷಯ: ನಿಮ್ಮ ಅರ್ಧ ಕೆಜಿ ಪೇಡಾ ಡಬ್ಬಿ

"ನಮಸ್ಕಾರ ಸರ್. ಹೋದ ವಾರ ನಿಮ್ಮಲ್ಲಿ ಅರ್ಧ ಕೆಜಿ ಪೇಡಾ ತಗೊಂಡೆ, ಬೆಂಗಳೂರು ಮುಟ್ಟುವಷ್ಟರಲ್ಲಿ ಡಬ್ಬಿಯ ತಳಕ್ಕೆ ಜಿಡ್ಡು ಇಳಿದಿತ್ತು. ಪರ ಊರಿಗೆ ಒಯ್ಯುವ ಗಿರಾಕಿಗಳ ಬ್ಯಾಗಿಗೂ, ಬಟ್ಟೆಗೂ ಅದು ಹತ್ತುತ್ತದೆ. ಒಳಗೆ ಜಿಡ್ಡು ಇಳಿಯದ ಪದರ ಹಾಕಿ, ನಿಮ್ಮ ಅಂಗಡಿ ಹೆಸರು ಅಚ್ಚು ಹಾಕಿ, ಅದೇ ಅಳತೆಯ ಡಬ್ಬಿ ಮಾಡಿಕೊಡುತ್ತೇವೆ; ಸಾವಿರ ತಗೊಂಡರೆ ಒಂದಕ್ಕೆ 8 ರೂಪಾಯಿ, ಜಿಎಸ್‌ಟಿ ಬೇರೆ. ಗುರುವಾರ ಧಾರವಾಡಕ್ಕೆ ಬರುತ್ತೇನೆ, ಹತ್ತು ಖಾಲಿ ಡಬ್ಬಿ ಅಂಗಡಿಯಲ್ಲಿ ಕೊಟ್ಟು ಹೋಗಲಾ?"

ಕೆಳಗೆ ಹೆಸರು, ಊರು, ಮೊಬೈಲ್ ನಂಬರು. ಅಷ್ಟೇ. ಲಿಂಕೂ ಇಲ್ಲ, ಬ್ರೋಷರೂ ಇಲ್ಲ.

ಇದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ಮೊದಲ ವಾಕ್ಯ. ಅದನ್ನು ಬರೆಯಬೇಕಾದರೆ ನಿಜವಾಗಿಯೂ ಅಂಗಡಿಗೆ ಹೋಗಿ ಪೇಡಾ ತಗೊಂಡಿರಬೇಕು, ಡಬ್ಬಿಯ ತಳ ನೋಡಿರಬೇಕು. ಸುಮ್ನೆ ಊಹೆ ಮಾಡಿ ಬರೆದರೆ ಒಂದು ಫೋನಿನಲ್ಲೇ ಸಿಕ್ಕಿಬೀಳುತ್ತೀರಿ. "ನಾವ ಒಳಗ ಬಟರ್ ಪೇಪರ್ ಹಾಕ್ತೀವಿ, ಜಿಡ್ಡು ಹೆಂಗ ಇಳಿತು?" ಅಂದರೆ ಏನು ಹೇಳುತ್ತೀರಿ? ಪತ್ರ ಕಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಅಂಗಡಿಯ ಹೆಸರು ಬದಲಿಸಿ ಅದೇ ಪತ್ರ ಪಕ್ಕದ ಅಂಗಡಿಗೂ ಒಪ್ಪುತ್ತದೆ ಅಂದರೆ ಮೊದಲ ವಾಕ್ಯ ಇನ್ನೂ ಸಿಕ್ಕಿಲ್ಲ.

ಎರಡನೇ ವಾಕ್ಯದಲ್ಲಿ ಆ ತೊಂದರೆಯಿಂದ ಅವರ ಗಿರಾಕಿಗೆ ಏನಾಗುತ್ತದೆ ಅನ್ನುವುದು ಬರಬೇಕು. ಇಲ್ಲಿ ತಪ್ಪು ತೋರಿಸುವ ಧಾಟಿ ಬೇಡ. ಆ ಡಬ್ಬಿಯನ್ನು ಆರಿಸಿದವರು ಅವರೇ, ಬಹುಶಃ ಹತ್ತು ವರ್ಷದಿಂದ ಅದನ್ನೇ ತರಿಸುತ್ತಿರಬಹುದು.

ಮೂರನೇ ವಾಕ್ಯದಲ್ಲಿ ರೇಟು ಇರಲೇಬೇಕು. ಇದರ ಬಗ್ಗೆ ನನ್ನ ಜೊತೆ ಜಗಳ ಆಡುವವರು ಜಾಸ್ತಿ. "ರೇಟು ಮೊದಲೇ ಹೇಳಿದರೆ ಮಾತಿಗೆ ಜಾಗ ಎಲ್ಲಿ?" ಅನ್ನುತ್ತಾರೆ. ಆದರೆ ಸಾವ್ಕಾರ್ರ ತಲೆಯಲ್ಲಿ ಈಗಿನ ಡಬ್ಬಿಯ ರೇಟು ಬಾಯಿಪಾಠ ಇರುತ್ತದೆ. ನೀವು 8 ಅಂದ ಕೂಡಲೇ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ: ಒಂದೂವರೆ ರೂಪಾಯಿ ಜಾಸ್ತಿ, ತಿಂಗಳಿಗೆ ಇಷ್ಟು ಡಬ್ಬಿ, ಪರ ಊರಿನ ಗಿರಾಕಿಗೆ ಮಾತ್ರ ಕೊಟ್ಟರೆ ಹೇಗೆ? ಆ ಲೆಕ್ಕ ಶುರುವಾಯಿತು ಅಂದರೆ ಪತ್ರ ತನ್ನ ಕೆಲಸ ಮಾಡಿತು. ರೇಟು ಇಲ್ಲದಿದ್ದರೆ ಫೋನ್ ಮಾಡಿ ಕೇಳಬೇಕಾಗುತ್ತದೆ. ಫೋನ್ ಮಾಡಿದರೆ ಇವನು ಬೆನ್ನು ಬೀಳುತ್ತಾನೆ ಅನ್ನುವ ಅಂಜಿಕೆ ಇರುತ್ತದೆ, ಅಲ್ವಾ? ಎಷ್ಟು ಡಬ್ಬಿಗೆ ಆ ರೇಟು ಅನ್ನುವುದನ್ನೂ ಬರೆಯಿರಿ. ಇಲ್ಲವಾದರೆ ನೂರು ಡಬ್ಬಿಗೂ ಅದೇ ರೇಟು ಅಂದುಕೊಳ್ಳುತ್ತಾರೆ. ಆಮೇಲೆ ಮನಸ್ತಾಪ.

ಕೊನೆಯ ವಾಕ್ಯ ಒಂದೇ ಪ್ರಶ್ನೆ. ಅದಕ್ಕೆ "ಹೂಂ" ಅಥವಾ "ಬ್ಯಾಡ" ಅಂತ ಒಂದೇ ಮಾತಿನಲ್ಲಿ ಉತ್ತರ ಕೊಡಲು ಬರಬೇಕು. ಮೀಟಿಂಗ್ ಕೇಳಬೇಡಿ, ಆರ್ಡರನ್ನೂ ಕೇಳಬೇಡಿ. ಖಾಲಿ ಡಬ್ಬಿ ಇಟ್ಟು ಹೋಗಲಾ ಅಂದರೆ ಅವರಿಗೆ ಖರ್ಚೂ ಇಲ್ಲ, ಮುಲಾಜೂ ಇಲ್ಲ. ಅದರಲ್ಲಿ ಪೇಡಾ ತುಂಬಿ ಎರಡು ದಿನ ಇಟ್ಟು ತಾವೇ ತಳ ನೋಡುತ್ತಾರೆ. ನೀವು ಹೇಳಬೇಕಾದ್ದನ್ನೆಲ್ಲ ಆ ಡಬ್ಬಿಯೇ ಹೇಳುತ್ತದೆ.

ಉತ್ತರ ಮೇಲ್‌ನಲ್ಲೇ ಬರಲಿ ಅಂತ ಕಾಯಬೇಡಿ, ಬರುವುದು ಫೋನ್ ಅಥವಾ ವಾಟ್ಸಾಪ್. ಆ ಫೋನಿನ ಮೊದಲ ಪ್ರಶ್ನೆಯಿಂದಲೇ ಪತ್ರ ಹೇಗಿತ್ತು ಅಂತ ಗೊತ್ತಾಗುತ್ತದೆ. "ಯಾರ್ರೀ ನೀವು, ಎಲ್ಲಿಯವ್ರು?" ಅಂದರೆ ಊರು, ಹೆಸರು ಕಣ್ಣಿಗೆ ಬಿದ್ದಿಲ್ಲ. "ರೇಟು ಎಷ್ಟರಿ?" ಅಂದರೆ ಮೂರನೇ ವಾಕ್ಯ ಮಸುಕಾಗಿದೆ. "ಕಾಲು ಕೆಜಿ ಡಬ್ಬಿನೂ ಮಾಡ್ತೀರೇನ್ರಿ?" ಅಂದರೆ ಪತ್ರ ಸರಿಯಾಗಿದೆ, ಡಬ್ಬಿ ತಗೊಂಡು ಹೊರಡಿ.

ಏನೂ ಬರಲಿಲ್ಲ ಅಂದರೆ ವಿಳಾಸದ ಮೇಲೂ ಅನುಮಾನ ಪಡಿ. ಎಷ್ಟೋ ಅಂಗಡಿಗಳ ಮೇಲ್ ಐಡಿ ಮಾಡಿಕೊಟ್ಟವರು ಲೆಕ್ಕ ಬರೆಯುವವರು, ಅದನ್ನು ನೋಡುವವರೂ ಅವರೇ. ಅಲ್ಲಿಗೆ ಹೋದ ಪತ್ರ ಸಾವ್ಕಾರ್ರ ತನಕ ಬರುವುದೇ ಇಲ್ಲ. ಪೇಡಾ ತಗೊಳ್ಳುವಾಗಲೇ "ಮೇಲ್ ಯಾರು ನೋಡ್ತಾರ್ರಿ?" ಅಂತ ಕೇಳಿಬಿಡಿ. "ನನ್ನ ಮಗ ನೋಡ್ತಾನ" ಅಂದರೆ ಮಗನ ಹೆಸರಿಗೇ ಬರೆಯಿರಿ. "ಯಾರೂ ನೋಡಂಗಿಲ್ಲ" ಅಂದರೆ ಆ ಅಂಗಡಿಗೆ ಮೇಲ್ ಬೇಡವೇ ಬೇಡ, ಡಬ್ಬಿ ಹಿಡಿದು ನೀವೇ ಹೋಗಿ. ಒಂದೇ ಪತ್ರವನ್ನು ನೂರು ಜನಕ್ಕೆ ಒಟ್ಟಿಗೆ ಕಳಿಸುವ ಚಟವನ್ನಂತೂ ಬಿಡಿ. ಅಂಥ ಪತ್ರ ಸ್ಪ್ಯಾಮ್ ಫೋಲ್ಡರಿಗೆ ಬೀಳುವ ಸಾಧ್ಯತೆಯೇ ಜಾಸ್ತಿ.

ಇನ್ನು ಕಳಿಸುವ ಹೊತ್ತು. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ತುಂಬುವವರಿಗೆ 20ನೇ ತಾರೀಕು ಜಿಎಸ್‌ಟಿಆರ್-3ಬಿ ಗಡುವು. ಅದರ ಹಿಂದಿನ ಎರಡು ಮೂರು ದಿನ ಬಿಟ್ಟುಬಿಡಿ. ಮಧ್ಯಾಹ್ನ ಊಟದ ನಂತರ ಗಿರಾಕಿ ಕಡಿಮೆ ಇರುವ ಹೊತ್ತು ಒಳ್ಳೆಯದು. ಒಂದು ವಾರ ಬಿಟ್ಟು ಅದೇ ಮೇಲ್‌ನ ಕೆಳಗೆ ಒಂದೇ ಸಾಲು ಬರೆಯಬಹುದು: "ಸರ್, ಈ ಗುರುವಾರ ಡಬ್ಬಿ ತರಲಾ?" ಅದಕ್ಕೂ ಉತ್ತರ ಬರದಿದ್ದರೆ ಅಲ್ಲಿಗೆ ನಿಲ್ಲಿಸಿ.

ಸಿಹಿತಿಂಡಿ ಡಬ್ಬಿಯವರಿಗೆ ಇನ್ನೊಂದು ಮಾತು. ನಮ್ಮ ಕಡೆ ಹಬ್ಬದ ವ್ಯಾಪಾರ ನಾಗರ ಪಂಚಮಿಯ ಉಂಡಿಯಿಂದಲೇ ಶುರು. ಆಮೇಲೆ ಚವತಿ, ದಸರಾ, ದೀಪಾವಳಿ ಅಂತ ಬಿಡುವೇ ಇರುವುದಿಲ್ಲ. ಹಬ್ಬದ ವಾರದಲ್ಲಿ ಡಬ್ಬಿ ಬದಲಿಸುವ ಧೈರ್ಯ ಯಾವ ಸಾವ್ಕಾರ್ರೂ ಮಾಡುವುದಿಲ್ಲ. ಸ್ಯಾಂಪಲ್ ನೋಡಿ, ಅಚ್ಚಿನ ಪ್ರೂಫ್ ಒಪ್ಪಿ, ಸಾವಿರ ಡಬ್ಬಿ ಕೈಗೆ ಬರಲು ಒಂದು ತಿಂಗಳಾದರೂ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಹಾಗಾಗಿ ಈ ಪತ್ರ ಜೂನ್ ಮೊದಲ ವಾರದಲ್ಲೇ ಹೋಗಬೇಕು.